ಕಿವಿಗೊಂದು ಮಾತು, ಕಣ್ಣಿಗೊಂದು ಮಾತು: ಡಬ್ಬಿಂಗ್ ನಂಬೋದಾ, ಸಬ್‌ಟೈಟಲ್ ನಂಬೋದಾ?

ನಿದ್ದೆಗೆಟ್ಟವನು
ಒಂದು ಕೊರಿಯನ್ ಸೀರಿಯಲ್ ನೋಡ್ತಾ ಇದೀನಿ. ಧ್ವನಿ ಕನ್ನಡದ್ದು, ಕೆಳಗೆ ಇಂಗ್ಲಿಷ್ ಸಬ್‌ಟೈಟಲ್. ಎರಡೂ ಒಂದಕ್ಕೊಂದು ತಾಳೆನೇ ಆಗ್ತಿಲ್ಲ. ನಾಯಕಿ "ನೀನು ಹೋಗು, ನಾನು ನೋಡ್ಕೋತೀನಿ" ಅಂತಾಳೆ. ಕೆಳಗೆ ಬರೋದು "ಹೊರಡಿ, ನನಗೆ ಸಾಕಾಗಿದೆ" ಅನ್ನೋ ಅರ್ಥದ ಸಾಲು. ಒಂದರಲ್ಲಿ ಜವಾಬ್ದಾರಿ ಹೊತ್ತುಕೊಳ್ತಿದಾಳೆ, ಇನ್ನೊಂದರಲ್ಲಿ ಕೈ ತೊಳ್ಕೊಳ್ತಿದಾಳೆ!

ಅದೂ ಹೋಗಲಿ, ಕೆಲಸಕ್ಕೆ ಸೇರಿದ ಮೊದಲ ದಿನವೇ ತನಗಿಂತ ಇಪ್ಪತ್ತು ವರ್ಷ ದೊಡ್ಡ ಮೇಲಧಿಕಾರಿಗೆ "ನೀನು ಕರೆದ್ಯಾ?" ಅಂತಾಳೆ. ಆಯಪ್ಪ ಸುಮ್ನೆ ತಲೆಯಾಡಿಸ್ತಾನೆ. ನನಗೆ ಕೊರಿಯನ್ ಒಂದಕ್ಷರ ಬರಲ್ಲ. ಎರಡರಲ್ಲಿ ಯಾವುದು ನಿಜ ಅಂತ ಕಂಡುಹಿಡಿಯೋದು ಹೇಗೆ?

ಮೂಲಪ್ರತಿ
ಇದರಲ್ಲಿ ಕಂಡುಹಿಡಿಯೋಕೆ ಏನಿದೆ? ಸಬ್‌ಟೈಟಲ್ಲೇ ನಿಜ. ಡಬ್ಬಿಂಗ್‌ನವರು ತುಟಿ ಕೂರಿಸೋಕೆ ಬಾಯಿಗೆ ಬಂದದ್ದು ಹೇಳ್ತಾರೆ. ಮೂಲ ಧ್ವನಿ ಹಾಕ್ಕೊಂಡು ಸಬ್‌ಟೈಟಲ್ ಓದಿ.

ಟೈಮ್‌ಕೋಡ್ ಅಕ್ಕ
ನಾನು ಹಲವು ವರ್ಷ ಸಬ್‌ಟೈಟಲ್ ಬರೆದವಳು, ಆಮೇಲೆ ಡಬ್ಬಿಂಗ್ ಸಂಭಾಷಣೆಗೂ ಕೈ ಹಾಕಿದೀನಿ. ಮೂಲಪ್ರತಿ ಅವರ ಮಾತು ಅರ್ಧ ಸರಿ.

ಮೊದಲನೇದು, ಇವೆರಡೂ ಒಂದೇ ಅನುವಾದದ ಎರಡು ರೂಪ ಅಲ್ಲ. ಬೇರೆ ಬೇರೆ ಜನ, ಬೇರೆ ಬೇರೆ ಹೊತ್ತಲ್ಲಿ, ಎಷ್ಟೋ ಸಲ ಒಬ್ಬರ ಕೆಲಸ ಇನ್ನೊಬ್ಬರು ನೋಡದೇ ಮಾಡಿರ್ತಾರೆ. ಎರಡನೇದು, ಇಬ್ಬರಿಗೂ ಕೊರಿಯನ್ ಬಾರದೇ ಇರಬಹುದು. ಸಾಮಾನ್ಯವಾಗಿ ನಡೆಯೋದು ಹೀಗೆ: ಕೊರಿಯನ್‌ನಿಂದ ಇಂಗ್ಲಿಷಿಗೆ ಒಬ್ಬರು ಪ್ರತಿ ಸಾಲನ್ನೂ ಸಮಯದ ಸಮೇತ ಇಳಿಸ್ತಾರೆ. ಅದಕ್ಕೆ ನಾವು ಟೆಂಪ್ಲೇಟ್ ಅಂತೀವಿ. ಕನ್ನಡ ಸಬ್‌ಟೈಟಲ್‌ನವರ ಕೈಗೂ ಕನ್ನಡ ಡಬ್ಬಿಂಗ್‌ನವರ ಕೈಗೂ ಬರೋದು ಆ ಇಂಗ್ಲಿಷ್ ಸಾಲುಗಳೇ.

ನಿಮ್ಮ "ನೀನು ಕರೆದ್ಯಾ" ಹುಟ್ಟೋದು ಇಲ್ಲಿ. ಕೊರಿಯನ್‌ನಲ್ಲಿ ಯಾರಿಗೆ ಎಷ್ಟು ಗೌರವ ಅನ್ನೋದು ಕ್ರಿಯಾಪದದ ಕೊನೆಯಲ್ಲೇ ಇರುತ್ತೆ. ಕನ್ನಡದಲ್ಲೂ ಕರೆದ್ಯಾ, ಕರೆದ್ರಾ ಅಂತ ಸ್ಪಷ್ಟವಾಗಿ ಇದೆ. ಮಧ್ಯದ ಇಂಗ್ಲಿಷಿನಲ್ಲಿ ಇಬ್ಬರಿಗೂ ಒಂದೇ ‘ಯು’. ಮೂಲದಲ್ಲಿದ್ದ ಮರ್ಯಾದೆ ಇಂಗ್ಲಿಷಿಗೆ ಬರುವಾಗ ಕರಗಿ ಹೋಗುತ್ತೆ, ಕನ್ನಡದವರು ಅದನ್ನ ಊಹೆ ಮಾಡಿ ಮತ್ತೆ ಹುಟ್ಟಿಸಬೇಕು. ಎದುರಿಗಿರೋದು ಯಾರು, ವಯಸ್ಸೆಷ್ಟು ಅಂತ ವಿಡಿಯೊ ನೋಡಿ ಬರೆದ್ರೆ ಸರಿ ಬರುತ್ತೆ. ಬರೀ ಸಾಲುಗಳ ಪಟ್ಟಿ ಇಟ್ಕೊಂಡು ಬರೆದ್ರೆ ಇದೇ ಗತಿ.

ನಿದ್ದೆಗೆಟ್ಟವನು
ಅಂದ್ರೆ ಇಂಗ್ಲಿಷ್ ಸಬ್‌ಟೈಟಲ್ ಆದ್ರೂ ನಂಬಬಹುದು ಅನ್ನಿ. ಅದು ನೇರ ಕೊರಿಯನ್‌ನಿಂದ ಬಂದದ್ದಲ್ವಾ?

ಟೈಮ್‌ಕೋಡ್ ಅಕ್ಕ
ಯಾವ ಇಂಗ್ಲಿಷ್ ಅನ್ನೋದು ನೋಡಬೇಕು. ಪಟ್ಟಿಯಲ್ಲಿ `English` ಅಂತ ಒಂದು, `English [CC]` ಅಂತ ಒಂದು ಇದ್ರೆ ಅವೆರಡೂ ಒಂದೇ ಅಂದ್ಕೋಬೇಡಿ. ಸಿಸಿ ಅನ್ನೋದು ಕಿವಿ ಕೇಳದವರಿಗಾಗಿ, ಬಾಗಿಲು ಬಡಿದ ಸದ್ದು, ಸಂಗೀತ ಎಲ್ಲ ಸೇರಿಸಿ ಬರೆದದ್ದು. ಬೇರೆ ಭಾಷೆಯ ಚಿತ್ರಕ್ಕೆ ಅದು ಎಷ್ಟೋ ಸಲ ಇಂಗ್ಲಿಷ್ ಡಬ್ಬಿಂಗನ್ನೇ ಅಕ್ಷರಕ್ಕಿಳಿಸಿದ್ದು. ಅಂದ್ರೆ ತುಟಿಗೆ ಕೂರಿಸಿದ ಮಾತನ್ನೇ ನೀವು ಓದ್ತಾ ಇರ್ತೀರಿ.

2021ರಲ್ಲಿ ‘ಸ್ಕ್ವಿಡ್ ಗೇಮ್’ ಬಂದಾಗ ಇಂಗ್ಲಿಷ್ ಅನುವಾದ ಕೆಟ್ಟದಾಗಿದೆ ಅಂತ ದೊಡ್ಡ ಗಲಾಟೆ ಎದ್ದಿತ್ತಲ್ಲ, ಆಗ ಹಲವರು ಉದಾಹರಣೆಗೆ ತೋರಿಸಿದ್ದು ಈ ಸಿಸಿ ಸಾಲುಗಳನ್ನೇ. ಹಾನ್ ಮಿನ್ಯೊ ಅನ್ನೋ ಪಾತ್ರದ ಒಂದು ಮಾತು ತಗೊಳ್ಳಿ. ಕೊರಿಯನ್‌ನಲ್ಲಿ ಅವಳು ಹೇಳೋದರ ತಾತ್ಪರ್ಯ: "ನನಗೆ ತಲೆ ಚೆನ್ನಾಗಿದೆ, ಓದೋಕೆ ಅವಕಾಶ ಸಿಗಲಿಲ್ಲ ಅಷ್ಟೆ." ಸಿಸಿಯಲ್ಲಿ ಅದು "ನಾನೇನು ಮಹಾ ಮೇಧಾವಿ ಅಲ್ಲ, ಆದ್ರೂ ಲೆಕ್ಕಾಚಾರ ಗೊತ್ತು" ಅನ್ನೋ ಥರ ಆಗಿತ್ತು. ಮಾಮೂಲಿ ಸಬ್‌ಟೈಟಲ್‌ನಲ್ಲಿ "ಓದೋ ಗೋಜಿಗೆ ಹೋಗಲಿಲ್ಲ, ಆದ್ರೆ ನಾನು ಭಾರಿ ಬುದ್ಧಿವಂತೆ" ಅನ್ನೋ ಥರ. ಎರಡನೇದು ಹತ್ತಿರ ಬಂತು, ಆದ್ರೂ ಪೂರ್ತಿ ತಲುಪಲಿಲ್ಲ. ಅವಕಾಶ ಸಿಗದೇ ಇರೋದಕ್ಕೂ ಗೋಜಿಗೆ ಹೋಗದೇ ಇರೋದಕ್ಕೂ ವ್ಯತ್ಯಾಸ ಇದೆ ತಾನೆ? ಆ ಕಥೆ ನಿಂತಿರೋದೇ ಬಡವರಿಗೆ ಅವಕಾಶ ಸಿಗಲ್ಲ ಅನ್ನೋದರ ಮೇಲೆ.

ಮೂಲಪ್ರತಿ
ನೋಡಿ, ಸಬ್‌ಟೈಟಲ್ಲೇ ಹತ್ತಿರ ಅಂತ ನೀವೇ ಒಪ್ಪಿದ್ರಿ.

ಟೈಮ್‌ಕೋಡ್ ಅಕ್ಕ
ಆ ಸಾಲಿಗೆ ಒಪ್ಪಿದೆ. ಎಲ್ಲದಕ್ಕೂ ಅಂತ ಯಾವಾಗ ಹೇಳಿದೆ?

ಬಫರಿಂಗ್ ಬಸ್ಯಾ
ನಂದೂ ಇದೇ ಸಮಸ್ಯೆ ರೀ. ಮಾತು ಮುಗದ ಮ್ಯಾಲೆ ಸಬ್‌ಟೈಟಲ್ ಬರ್ತೈತಿ. ಮೊದಲಿಗೆ ಸರಿ ಇರ್ತೈತಿ, ಸಿನಿಮಾ ಅರ್ಧಕ್ಕ ಬರೂದ್ರಾಗ ಎರಡು ನಿಮಿಷ ಹಿಂದ ಬಿದ್ದಿರ್ತೈತಿ. ಯಾರದರ ಪರಿಹಾರ ಹೇಳ್ರಿ.

ಕೊನೇ ಬೆಂಚು
ಬಸಣ್ಣ, ಇಲ್ಲಿ ಮಾತಾಡ್ತಿರೋದು ಅನುವಾದದ್ದು, ಸಿಂಕ್‌ದಲ್ಲ. ಆದ್ರೂ ಹೇಳ್ತೀನಿ. ಮೊದಲಿಂದ ಕೊನೇವರೆಗೂ ಒಂದೇ ಸಮ ಹಿಂದೆ ಇದ್ರೆ ಪ್ಲೇಯರ್‌ನಲ್ಲಿ ಅಷ್ಟು ಸೆಕೆಂಡು ಸರಿಸಿದ್ರೆ ಆಯ್ತು. ನಿಂದು ಹೋಗ್ತಾ ಹೋಗ್ತಾ ಜಾಸ್ತಿ ಆಗ್ತಿದೆ ಅಂದ್ರೆ ಫ್ರೇಮ್ ರೇಟ್ ಬೇರೆ. ಸಬ್‌ಟೈಟಲ್ ಸೆಕೆಂಡಿಗೆ 23.976 ಫ್ರೇಮಿನ ಪ್ರತಿಗೆ ಮಾಡಿದ್ದು, ನಿನ್ನ ವಿಡಿಯೊ 25ರದ್ದು ಇರಬೇಕು. ಗಂಟೆಗೆ ಸುಮಾರು ಎರಡೂವರೆ ನಿಮಿಷ ವ್ಯತ್ಯಾಸ ಬರುತ್ತೆ. ಸರಿಸಿದ್ರೆ ಹೋಗಲ್ಲ, ಸಬ್‌ಟೈಟಲ್ ಎಡಿಟರ್‌ನಲ್ಲಿ ಫ್ರೇಮ್ ರೇಟ್ ಬದಲಿಸಬೇಕು.

ಬಫರಿಂಗ್ ಬಸ್ಯಾ
ಹೌದ್ರಿ, ಗಂಟೆಗೆ ಅಷ್ಟ ಆಗ್ತೈತಿ! ಧನ್ಯವಾದ್ರೀ. ನೀವು ಮುಂದುವರ್ಸ್ರಿ.

ವೂ ಮತ್ತು ತ್ಯು
ನಾನು ಫ್ರೆಂಚ್ ಕಲಿತವನು. ಈ ನೀನು-ನೀವು ಸಮಸ್ಯೆ ಫ್ರೆಂಚ್ ಚಿತ್ರಗಳಲ್ಲಿ ಇನ್ನೂ ಮಜಾ ಇರುತ್ತೆ. ಅಲ್ಲಿ ‘ವೂ’ ಅಂದ್ರೆ ನೀವು, ‘ತ್ಯು’ ಅಂದ್ರೆ ನೀನು. ಪರಿಚಯ ಆಗಿ ಸ್ವಲ್ಪ ದಿನ ಆದ್ಮೇಲೆ ಒಬ್ಬರು "ಇನ್ಮೇಲೆ ತ್ಯು ಅನ್ನೋಣ್ವಾ?" ಅಂತ ಕೇಳ್ತಾರೆ. ಇಂಗ್ಲಿಷಿನವರಿಗೆ ಅದನ್ನ ಹೇಳೋಕೆ ಮಾತೇ ಇಲ್ಲ. ಹಾಗಾಗಿ "ನನ್ನನ್ನ ಪಾಲ್ ಅಂತ ಕರೀರಿ" ಅಂತ ಹೆಸರಿನ ಕಡೆ ತಿರುಗಿಸಿಬಿಡ್ತಾರೆ. ಇಂಗ್ಲಿಷಿಗೆ ಅದು ಜಾಣ ಉಪಾಯವೇ.

ಈಗ ಅದೇ ಇಂಗ್ಲಿಷ್ ಸಾಲು ಕನ್ನಡದವರ ಕೈಗೆ ಬಂತು ಅನ್ಕೊಳ್ಳಿ. ಅವರು ನಿಯತ್ತಾಗಿ "ನನ್ನನ್ನು ಪಾಲ್ ಎಂದು ಕರೆಯಿರಿ" ಅಂತ ಬರೀತಾರೆ. ಕರೆ-ಯಿರಿ! ‘ನೀವು’ ಬಿಡೋಣ ಅಂತ ಕೇಳೋ ಮಾತಿನಲ್ಲೇ ‘ನೀವು’ ಕೂತಿದೆ. ಕನ್ನಡದಲ್ಲಿ "ನೀವು ಗೀವು ಬೇಡ, ನೀನು ಅನ್ನು ಸಾಕು" ಅಂದಿದ್ರೆ ಮೂಲಕ್ಕೆ ಇಂಗ್ಲಿಷಿಗಿಂತ ಹತ್ತಿರ ಬರ್ತಿತ್ತು.

ಇನ್ನೊಂದು ಘಟ್ಟ ಇದೆ. ಜಗಳ ಆದಾಗ ಅವಳು ಬೇಕಂತಲೇ ವಾಪಸ್ ‘ವೂ’ಗೆ ಹೋಗ್ತಾಳೆ, ಅವನನ್ನ ದೂರ ತಳ್ಳೋಕೆ. ಇಂಗ್ಲಿಷ್ ಸಾಲಿನಲ್ಲಿ ಅದರ ಸುಳಿವೇ ಇರಲ್ಲ. ಕನ್ನಡದಲ್ಲಿ ಅದು ನಮ್ಮೆಲ್ಲರಿಗೂ ತಟ್ಟನೆ ಅರ್ಥ ಆಗೋ ಏಟು, "ಹೋಗಿಬನ್ನಿ" ಅಂದ್ರೆ ಮುಗೀತು. ಆದ್ರೆ ಟೆಂಪ್ಲೇಟಿನಲ್ಲಿ ಟಿಪ್ಪಣಿ ಇಲ್ಲದಿದ್ರೆ ಅದು ಕನ್ನಡಕ್ಕೆ ಬರೋದೇ ಇಲ್ಲ.

ನಿದ್ದೆಗೆಟ್ಟವನು
ಅಯ್ಯೋ, ಇದು ಗೊತ್ತೇ ಇರಲಿಲ್ಲ. ಟಿಪ್ಪಣಿ ಅಂದ್ರೆ?

ಟೈಮ್‌ಕೋಡ್ ಅಕ್ಕ
ಟೆಂಪ್ಲೇಟ್ ಮಾಡೋರು ಒಳ್ಳೆಯವರಾಗಿದ್ರೆ ಸಾಲಿನ ಪಕ್ಕ ಬರೀತಾರೆ: "ಇಲ್ಲಿಂದ ಸಲುಗೆಯ ಮಾತು", "ಈ ಕಸಿನ್ ಹೆಣ್ಣು, ತಾಯಿಯ ಕಡೆಯವಳು" ಅಂತ. ಅದು ಬಂದ ದಿನ ಹಬ್ಬ. ಬರದಿದ್ರೆ ಪ್ರಶ್ನೆ ಬರೆದು ಕಳಿಸಬೇಕು, ಉತ್ತರ ಬರೋ ಹೊತ್ತಿಗೆ ಕೊಡೋ ಗಡುವು ಮುಗಿದಿರುತ್ತೆ.

ಕೊನೇ ಬೆಂಚು
ಅಕ್ಕ, ನನಗೊಂದು ಅನುಮಾನ. ಗೌರವ ತಪ್ಪೋದು ಬರೀ ಗೊತ್ತಿಲ್ಲದೇನಾ? ಕನ್ನಡ ಸಬ್‌ಟೈಟಲ್ ಹಾಕ್ಕೊಂಡಾಗ ‘ಅವರು’, ‘ನೀವು’ ಎಲ್ಲ ಪೂರ್ತಿ ಮಾಯ ಆಗಿರುತ್ತೆ. ಯಾರು ಯಾರ ಬಗ್ಗೆ ಮಾತಾಡ್ತಿದಾರೆ ಅಂತಾನೇ ಗೊತ್ತಾಗಲ್ಲ.

ಟೈಮ್‌ಕೋಡ್ ಅಕ್ಕ
ಅದು ಜಾಗದ ಸಮಸ್ಯೆ. ಇಂಗ್ಲಿಷ್ ಸಬ್‌ಟೈಟಲ್‌ಗೆ ಸಾಮಾನ್ಯವಾಗಿ ಸಾಲಿಗೆ 42 ಅಕ್ಷರದ ಮಿತಿ, ಎರಡೇ ಸಾಲು. ಓದೋ ವೇಗ ಸೆಕೆಂಡಿಗೆ 17ರಿಂದ 20 ಅಕ್ಷರ ಅಂತ ಇಟ್ಕೊಳ್ತಾರೆ. ಕನ್ನಡಕ್ಕೆ ಮಿತಿ ಒಬ್ಬೊಬ್ಬರದು ಒಂದೊಂದು. ತಮಾಷೆ ಇರೋದು ಎಣಿಸೋದರಲ್ಲಿ. ನಾವು ‘ಸ್ತ್ರೀ’ ಅಂದ್ರೆ ಒಂದಕ್ಷರ ಅಂತೀವಿ. ಯುನಿಕೋಡ್ ಸಂಕೇತಗಳನ್ನ ಎಣಿಸೋ ತಂತ್ರಾಂಶಕ್ಕೆ ಅದು ಆರು.

ಒಂದು ಸಾಲು ತಗೊಳ್ಳೋಣ: "ನಾನು ಅವರನ್ನು ಭೇಟಿ ಮಾಡಿಲ್ಲ ಅಂತ ನಿಮಗೆ ಯಾರು ಹೇಳಿದ್ದು?" ಜಾಗ, ಪ್ರಶ್ನೆ ಚಿಹ್ನೆ ಸೇರಿಸಿ ಕಣ್ಣಿಗೆ ಕಾಣೋದು 29. ಆ ಥರದ ತಂತ್ರಾಂಶ ಎಣಿಸೋದು 50. ಮೂಲದಲ್ಲಿ ನಟ ಇದನ್ನ ಎರಡು ಸೆಕೆಂಡಿನಲ್ಲಿ ಹೇಳಿ ಮುಗಿಸಿದ್ದಾನೆ, ಸೆಕೆಂಡಿಗೆ 17ರ ಮಿತಿ ಇದ್ರೆ ನನಗೆ ಸಿಗೋದು 34. ಕೆಂಪು ಬಣ್ಣದಲ್ಲಿ ಎಚ್ಚರಿಕೆ ಬರುತ್ತೆ. ಆಗ ಬರೆಯೋದು: "ನಾನು ಭೇಟಿಯಾಗಿಲ್ಲ ಅಂದಿದ್ಯಾರು?" ಇದು 28, ಧಾರಾಳವಾಗಿ ಕೂರುತ್ತೆ. ಏನು ಬಿದ್ದುಹೋಯ್ತು ನೋಡಿ: ‘ಅವರನ್ನು’, ‘ನಿಮಗೆ’. ಅರ್ಥ ಉಳೀತು. ಭೇಟಿಯಾಗದೇ ಇದ್ದವರು ದೊಡ್ಡವರು, ಎದುರಿಗಿರೋರಿಗೂ ಮರ್ಯಾದೆ ಕೊಡ್ತಿದಾನೆ ಅನ್ನೋದೆರಡೂ ಹೋಯ್ತು.

ಡಬ್ಬಿಂಗ್‌ಗೆ ಮಾತ್ರ ಈ ನೆಪ ಇಲ್ಲ. ಹೋಗು, ಹೋಗಿ. ಮಾಡ್ತೀಯ, ಮಾಡ್ತೀರ. ಹೇಳೋಕೆ ಹಿಡಿಯೋ ಹೊತ್ತು ಒಂದೇ, ತುಟಿಯೂ ಹೆಚ್ಚುಕಡಿಮೆ ಒಂದೇ ಥರ ಆಡುತ್ತೆ. ತುಟಿ ಮುಚ್ಚೋ ಪ, ಬ, ಮ ಹತ್ತಿರದ ಶಾಟ್‌ನಲ್ಲಿ ಬಂದಾಗ ನಾವು ಒದ್ದಾಡೋದು ನಿಜ. ಆದ್ರೆ ನೀನು-ನೀವು ತಪ್ಪಿದ್ರೆ ಅದಕ್ಕೆ ತುಟಿ ಕಾರಣ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ.

ಮೂಲಪ್ರತಿ
ಹಾಗಾದ್ರೆ ಗೌರವದ ವಿಷಯದಲ್ಲಿ ಡಬ್ಬಿಂಗ್‌ಗೇ ಹೆಚ್ಚು ಅವಕಾಶ ಅಂತ?

ಟೈಮ್‌ಕೋಡ್ ಅಕ್ಕ
ಅವಕಾಶ ಇದೆ. ಬಳಸ್ಕೊಳ್ತಾರಾ ಅನ್ನೋದು ಬೇರೆ.

ಕೊಲೆಗಾರ ಯಾರು
ನನಗೆ ‘ಅವರು’ ವಿಷಯದಲ್ಲಿ ಬೇರೆ ಸಿಟ್ಟಿದೆ. ಒಂದು ಪತ್ತೇದಾರಿ ಸರಣಿ. ಕೊಲೆ ಮಾಡಿದ್ದು ಗಂಡೋ ಹೆಣ್ಣೋ ಕೊನೇವರೆಗೂ ಗೊತ್ತಾಗಬಾರದು. ಟರ್ಕಿಷ್ ಭಾಷೆ, ಅಲ್ಲಿ ಅವನು, ಅವಳು, ಅದು ಎಲ್ಲಕ್ಕೂ ಒಂದೇ ‘ಓ’. ಬರೆದವರು ಅದನ್ನೇ ನೆಚ್ಚಿಕೊಂಡು ಕಥೆ ಕಟ್ಟಿದ್ದಾರೆ. ಕನ್ನಡ ಸಬ್‌ಟೈಟಲ್ ಎರಡನೇ ಕಂತಿನಲ್ಲೇ "ಅವಳು ಬಾಗಿಲು ತೆರೆದಳು" ಅಂತು. ಟಿವಿ ಆರಿಸಿ ಮಲಗಿದೆ. ಕನ್ನಡದಲ್ಲಿ "ಅವರು ತೆರೆದರು" ಅಂದಿದ್ರೆ ಗುಟ್ಟೂ ಉಳೀತಿತ್ತು, ವ್ಯಾಕರಣವೂ ಉಳೀತಿತ್ತು.

ಕೊನೇ ಬೆಂಚು
ಕೊಲೆಗಾರರಿಗೂ ಬಹುವಚನ! ಪೊಲೀಸಪ್ಪ "ಅವರು ಮೂರು ಜನರನ್ನ ಕೊಂದಿದ್ದಾರೆ" ಅಂದ್ರೆ ಇವರೇನು ಸನ್ಮಾನಕ್ಕೆ ಕರೀತಿದಾರಾ ಅನ್ಸುತ್ತೆ.

ಕೊಲೆಗಾರ ಯಾರು
😂 ಅದೂ ಹೌದು. "ಕೊಲೆ ಮಾಡಿದ್ದು ಒಬ್ಬರೇ" ಅಂತ ಹಾಕಿದ್ರೆ? ಅಥವಾ ‘ಆ ವ್ಯಕ್ತಿ’?

ವೂ ಮತ್ತು ತ್ಯು
‘ಆ ವ್ಯಕ್ತಿ’ ಅಂದ ತಕ್ಷಣ ಏನೋ ಮುಚ್ಚಿಡ್ತಿದಾರೆ ಅಂತ ನೋಡುಗನಿಗೆ ಗೊತ್ತಾಗುತ್ತೆ. ಟರ್ಕಿಷ್‌ನಲ್ಲಿ ಆ ಅನುಮಾನವೇ ಬರಲ್ಲ, ದಿನಾ ಆಡೋ ಮಾತೇ ಅದು. ಕರ್ತೃವನ್ನ ಬಿಟ್ಟು "ಬಾಗಿಲು ತೆರೀತು" ಅನ್ನೋದು ವಾಸಿ.

ಹಳೇ ರೀಲು
ನೀವೆಲ್ಲ ಗೊತ್ತಿಲ್ಲದೇ ಆಗೋ ತಪ್ಪು ಹೇಳ್ತಿದೀರಿ. ಗೊತ್ತಿದ್ದೇ ಮಾಡಿದ್ದರ ಮುಂದೆ ಇದೆಲ್ಲ ಏನೂ ಅಲ್ಲ. ‘ಕಾಸಾಬ್ಲಾಂಕಾ’ 1952ರಲ್ಲಿ ಪಶ್ಚಿಮ ಜರ್ಮನಿಗೆ ಬಂದಾಗ ಸುಮಾರು 25 ನಿಮಿಷ ಕತ್ತರಿಸಿ, ನಾಜಿಗಳನ್ನ ಹೆಚ್ಚುಕಡಿಮೆ ಪೂರ್ತಿ ತೆಗೆದ್ರು. ನಾಜಿಗಳ ವಿರುದ್ಧ ಹೋರಾಡೋ ವಿಕ್ಟರ್ ಲಾಸ್ಲೋ ಡಬ್ಬಿಂಗ್‌ನಲ್ಲಿ ವಿಕ್ಟರ್ ಲಾರ್ಸೆನ್ ಅನ್ನೋ ನಾರ್ವೆಯ ಅಣುವಿಜ್ಞಾನಿ ಆಗಿಬಿಟ್ಟ. ಮೂಲಕ್ಕೆ ನಿಷ್ಠವಾದ ಜರ್ಮನ್ ಡಬ್ಬಿಂಗ್ ಬಂದದ್ದು 1975ರಲ್ಲಿ.

ಸ್ಪೇನಿನಲ್ಲಿ ಫ್ರಾಂಕೊ ಕಾಲದ ಸೆನ್ಸಾರು ಇನ್ನೂ ಮುಂದೆ. 1953ರ ‘ಮೊಗ್ಯಾಂಬೊ’ದಲ್ಲಿ ಗ್ರೇಸ್ ಕೆಲ್ಲಿ ಮದುವೆಯಾದವಳು, ಬೇರೆಯವನ ಮೇಲೆ ಮನಸ್ಸಾಗುತ್ತೆ. ವ್ಯಭಿಚಾರ ತೋರಿಸಬಾರದು ಅಂತ ಡಬ್ಬಿಂಗ್‌ನಲ್ಲಿ ಗಂಡ-ಹೆಂಡತಿಯನ್ನ ಅಣ್ಣ-ತಂಗಿ ಮಾಡಿದ್ರು. ಚಿತ್ರದಲ್ಲಿ ಅವರಿಬ್ಬರೂ ಗಂಡ-ಹೆಂಡತಿ ಥರಾನೇ ಇರ್ತಾರಲ್ಲ, ವ್ಯಭಿಚಾರ ಮುಚ್ಚೋಕೆ ಹೋಗಿ ಅದಕ್ಕಿಂತ ದೊಡ್ಡದು ತಲೆಮೇಲೆ ಬಂತು.

ಬಫರಿಂಗ್ ಬಸ್ಯಾ
ಮೊಗ್ಯಾಂಬೊ ಅಂದ್ರ ನಂಗ ಬ್ಯಾರೆ ಖಳನಾಯಕನ ನೆನಪಾದ ರೀ.

ಮೂಲಪ್ರತಿ
ಇದಕ್ಕೇ ನಾನು ಹೇಳಿದ್ದು. ಡಬ್ಬಿಂಗ್‌ನಲ್ಲಿ ಮೂಲ ಧ್ವನಿಯೇ ಇರಲ್ಲ, ಸುಳ್ಳು ಹೇಳಿದ್ರೆ ಹಿಡಿಯೋರು ಯಾರು? ಸಬ್‌ಟೈಟಲ್‌ನಲ್ಲಿ ಕನಿಷ್ಠ ಕಿವಿಗೆ ಮೂಲ ಬೀಳ್ತಿರುತ್ತೆ.

ಹಳೇ ರೀಲು
ಈ ಮಾತಿಗೆ ನನ್ನದೂ ಸಹಿ.

ಸುದ್ದಿಮನೆ
ನಾನು ಟಿವಿ ಸುದ್ದಿ ವಿಭಾಗದಲ್ಲಿ ಅನುವಾದ ಮಾಡ್ತಿದ್ದೋನು. ಸಿನಿಮಾದಲ್ಲಿ ಮರ್ಯಾದೆ ಹೋದ್ರೆ ರಸಭಂಗ, ಸುದ್ದಿಯಲ್ಲಿ ಒಂದು ಪ್ರತ್ಯಯ ಹೋದ್ರೆ ಒಬ್ಬನ ಬದುಕೇ ಹೋಗಬಹುದು. ಏಜೆನ್ಸಿ ಸುದ್ದಿಯಲ್ಲಿ "ಕೊಂದ ಆರೋಪ ಹೊತ್ತಿರುವ ವ್ಯಕ್ತಿ" ಅಂತ ಇರುತ್ತೆ. ಕೆಳಗೆ ಓಡೋ ಪಟ್ಟಿಗೆ ಬರುವಾಗ ‘ಕೊಲೆಗಾರ’ ಆಗುತ್ತೆ. ಕನ್ನಡದಲ್ಲಿ ಅನುಮಾನ ಹೇಳೋ ಮಾತು ಹೆಚ್ಚಾಗಿ ವಾಕ್ಯದ ಬಾಲದಲ್ಲೇ ಇರುತ್ತೆ: ‘ಎನ್ನಲಾಗಿದೆ’, ‘ಎಂದು ಆರೋಪಿಸಲಾಗಿದೆ’, ‘ಇರಬಹುದು’. ಜಾಗ ಸಾಲದಿದ್ರೆ ಕತ್ತರಿ ಬೀಳೋದು ಬಾಲಕ್ಕೇ. ಉಳಿದ ವಾಕ್ಯ ವ್ಯಾಕರಣಕ್ಕೆ ಸರಿಯಾಗಿಯೇ ಇರುತ್ತೆ, ಅದಕ್ಕೇ ಯಾರಿಗೂ ತಪ್ಪು ಅಂತ ಕಾಣಲ್ಲ.

ಕೊನೇ ಬೆಂಚು
ಸುದ್ದಿ ಅಂದ್ರೆ ಸೋವಿಯತ್ ನಾಯಕ ಕ್ರುಶ್ಚೇವ್ ಕಥೆ ಹೇಳಲೇಬೇಕು. 1956ರಲ್ಲಿ ದುಭಾಷಿ ತಪ್ಪಾಗಿ "ನಿಮ್ಮನ್ನ ಹೂಳ್ತೀವಿ" ಅಂತ ಅನುವಾದ ಮಾಡಿದ್ದಕ್ಕೆ ಅಮೆರಿಕ ನಡುಗಿಹೋಯ್ತು. ಅವನು ಹಾಗೆ ಹೇಳೇ ಇರಲಿಲ್ಲವಂತೆ.

ಸುದ್ದಿಮನೆ
ಹೇಳಿದ್ದ ಸ್ವಾಮಿ. ನವೆಂಬರ್ 1956, ಮಾಸ್ಕೋದಲ್ಲಿ ಪಾಶ್ಚಾತ್ಯ ರಾಯಭಾರಿಗಳ ಎದುರಿಗೆ. ರಷ್ಯನ್‌ನಲ್ಲಿ ಆ ಶಬ್ದಗಳೇ ಇವೆ, ದುಭಾಷಿ ಶಬ್ದಕ್ಕೆ ಶಬ್ದ ಸರಿಯಾಗಿಯೇ ಇಟ್ಟ. ಆದ್ರೆ ಅದರ ಹಿಂದಿನ ಮಾತು "ಇತಿಹಾಸ ನಮ್ಮ ಕಡೆಗಿದೆ" ಅಂತ. ನಿಮ್ಮ ವ್ಯವಸ್ಥೆ ಸಾಯುತ್ತೆ, ನಾವು ಉಳಿದು ಅದರ ಮಣ್ಣಿಗೆ ಬರ್ತೀವಿ ಅನ್ನೋ ಧಾಟಿ. ಶೀರ್ಷಿಕೆಗೆ ಬಂದದ್ದು ಹೂಳೋದು ಮಾತ್ರ, ಅಣುಬಾಂಬಿನ ಕಾಲದಲ್ಲಿ ಅದನ್ನ ಯಾರು ಹೇಗೆ ಓದ್ಕೋತಾರೆ? 1963ರಲ್ಲಿ ಯುಗೊಸ್ಲಾವಿಯಾದಲ್ಲಿ ಅವನೇ ವಿವರಣೆ ಕೊಟ್ಟ, ಸಲಿಕೆ ಹಿಡ್ಕೊಂಡು ಹೂಳ್ತೀವಿ ಅಂತಲ್ಲ, ನಿಮ್ಮ ಕಾರ್ಮಿಕ ವರ್ಗವೇ ನಿಮ್ಮನ್ನ ಹೂಳುತ್ತೆ ಅಂತ.

ಮೂಲಪ್ರತಿ
ಶಬ್ದಕ್ಕೆ ಶಬ್ದ ಇಟ್ಟಿದ್ದು ತಪ್ಪಲ್ಲವಲ್ಲ ಮತ್ತೆ. ದುಭಾಷಿ ವ್ಯಾಖ್ಯಾನ ಮಾಡೋಕೆ ಶುರು ಮಾಡಿದ್ರೆ ಅದು ಇನ್ನೂ ಅಪಾಯ.

ವೂ ಮತ್ತು ತ್ಯು
ಒಪ್ಪಲ್ಲ. "ನಿಮಗಿಂತ ನಾವೇ ಹೆಚ್ಚು ಕಾಲ ಬಾಳ್ತೀವಿ" ಅಂದಿದ್ರೆ ಅದು ವ್ಯಾಖ್ಯಾನ ಅಲ್ಲ, ಅದೇ ಅರ್ಥ.

ಸುದ್ದಿಮನೆ
ಎದುರಿಗೆ ದೇಶದ ಮುಖ್ಯಸ್ಥ ಮುಷ್ಟಿ ಬಿಗಿದು ಮಾತಾಡ್ತಿರುವಾಗ, ಎರಡು ಸೆಕೆಂಡಿನಲ್ಲಿ, ಅವನ ಮಾತನ್ನ ಮೆತ್ತಗೆ ಮಾಡೋ ಹಕ್ಕು ದುಭಾಷಿಗೆ ಇದೆಯಾ? ಮೆತ್ತಗೆ ಮಾಡಿದ್ದೇ ತಪ್ಪು ಅಂತ ನಾಳೆ ಅವನ ಕುತ್ತಿಗೆಗೇ ಬರುತ್ತೆ. ನನ್ನ ತಕರಾರು ದುಭಾಷಿ ಮೇಲಲ್ಲ, ಹಿಂದಿನ ವಾಕ್ಯ ಬಿಟ್ಟು ಇದೊಂದನ್ನೇ ಎತ್ತಿ ಅಚ್ಚು ಹಾಕಿದ ಡೆಸ್ಕಿನ ಮೇಲೆ.

ನಿದ್ದೆಗೆಟ್ಟವನು
ವಿಷಯ ಮಾಸ್ಕೋಗೆ ಹೋಯ್ತು 🙂 ವಾಪಸ್ ನನ್ನ ನಾಯಕಿ ಹತ್ರ ಬನ್ನಿ. ಕೊರಿಯನ್ ಬಾರದವನು ಏನು ಮಾಡಬಹುದು?

ಟೈಮ್‌ಕೋಡ್ ಅಕ್ಕ
ಗೌರವದ ವಿಷಯ ನೀವೇ ಪರೀಕ್ಷೆ ಮಾಡಬಹುದು. ಆ ದೃಶ್ಯಕ್ಕೆ ಹೋಗಿ ಧ್ವನಿಯನ್ನ ಕೊರಿಯನ್‌ಗೆ ಬದಲಿಸಿ. ವಾಕ್ಯದ ಕೊನೆ ಮಾತ್ರ ಕೇಳಿ. ‘ಯೊ’ ಅಂತಲೋ ‘ನಿದಾ’, ‘ನಿಕ್ಕಾ’ ಅಂತಲೋ ಮುಗಿದ್ರೆ ಗೌರವದ ಮಾತು. ಅವ್ಯಾವೂ ಇಲ್ಲದೆ ಮೊಟಕಾಗಿ ನಿಂತ್ರೆ ಸಾಮಾನ್ಯವಾಗಿ ಸಲುಗೆ, ಇಲ್ಲಾ ಜಗಳ. ಮೇಲಧಿಕಾರಿ ದೃಶ್ಯದಲ್ಲಿ ನಿಮಗೆ ಖಂಡಿತ ‘ಯೊ’ನೋ ‘ನಿಕ್ಕಾ’ನೋ ಕೇಳುತ್ತೆ.

ಅರ್ಥದ ವಿಷಯ ಇಷ್ಟು ಸುಲಭ ಅಲ್ಲ. "ನಾನು ನೋಡ್ಕೋತೀನಿ" ಮತ್ತು "ಸಾಕಾಗಿದೆ" ಎರಡಕ್ಕೂ ದಾರಿ ಬಿಡೋ ಮಾತು ಮೂಲದಲ್ಲಿ ಇರಬಹುದು. ಕೆಳಗಿನದು ಸಿಸಿನಾ ಅಂತ ಮೊದಲು ನೋಡಿ. ಆಮೇಲೆ ಮುಂದಿನ ದೃಶ್ಯ ನೋಡಿ, ಅವಳು ಆ ಕೆಲಸ ಮಾಡ್ತಾಳಾ ಬಿಡ್ತಾಳಾ?

ನಿದ್ದೆಗೆಟ್ಟವನು
ಈಗ ಹಾಕಿ ಕೇಳಿದೆ. ಮೇಲಧಿಕಾರಿಗೆ ‘ಯೊ’ ಅಂತಾನೇ ಅಂದಳು! ಡಬ್ಬಿಂಗ್‌ನವರು ಸಿಕ್ಕಿಬಿದ್ರು. ಕೆಳಗಿನದು ಸಿಸಿನೇ. ಆ ಇನ್ನೊಂದು ದೃಶ್ಯದಲ್ಲಿ ಅವಳ ಮಾತಿಗೆ ‘ಯೊ’ ಇಲ್ಲ, ಮೊಟಕಾಗಿ ನಿಲ್ಲುತ್ತೆ. ಮುಂದಿನ ದೃಶ್ಯದಲ್ಲಿ ಅವಳು ಅರ್ಧ ಕೆಲಸ ಮಾಡಿ ಅಳ್ತಾ ಎದ್ದು ಹೋಗ್ತಾಳೆ. ಈಗ ಏನಂತೀರಿ?

ಮೂಲಪ್ರತಿ
ಸಾಕಾಗಿದೆ ಅಂತಾನೇ ಹೇಳಿದ್ದು. ಎದ್ದು ಹೋದಳಲ್ಲ.

ಕೊಲೆಗಾರ ಯಾರು
ಅರ್ಧ ಮಾಡಿದ್ದು ಯಾಕೆ ಹಾಗಾದ್ರೆ? ನೋಡ್ಕೋತೀನಿ ಅಂತ ಹೇಳಿದ್ದಕ್ಕೆ ತಾನೆ?

ಟೈಮ್‌ಕೋಡ್ ಅಕ್ಕ
ಕೊರಿಯನ್ ಬರೋರು ಯಾರಾದ್ರೂ ಇದ್ದೀರಾ ಇಲ್ಲಿ? ಸರಣಿ, ಕಂತು, ನಿಮಿಷ ಹಾಕಿ, ಯಾರಾದ್ರೂ ಕೇಳಿ ಹೇಳ್ತಾರೆ.

ಬಫರಿಂಗ್ ಬಸ್ಯಾ
ನಿಮಿಷ ಹಾಕೂ ಮುಂದ ಫ್ರೇಮ್ ರೇಟ್ ನೋಡಿ ಹಾಕ್ರೀ ಮತ್ತ.